ಬೆದರಿಕೆ ಬಿಡಿ, ಪ್ರಿಂಟಿಂಗ್ ಲೆಕ್ಕ ಮುಂದಿಡಿ

ಪ್ರಶ್ನೆ: ಸಿರ್ಸಿಯಲ್ಲಿ ಚಟ್ನಿಪುಡಿ ಮಾಡಿ ಮಾರುತ್ತೇನೆ. 200 ಗ್ರಾಂನ ಪ್ರಿಂಟೆಡ್ ಪೌಚ್ ಬೆಂಗಳೂರಿನ ಪೀಣ್ಯದಿಂದ ತರಿಸುತ್ತೇನೆ. ಒಂದಕ್ಕೆ 4.20 ರೂಪಾಯಿ. ವರ್ಷಕ್ಕೆ ಹತ್ತು ಆರ್ಡರ್, ಒಟ್ಟು ಒಂದು ಲಕ್ಷ ಪೌಚ್. ಡಿಸೈನ್ ಕೆತ್ತಿದ ಪ್ರಿಂಟಿಂಗ್ ಸಿಲಿಂಡರ್‌ಗೆ ಬೇರೆಯಾಗಿ 25,000 ಕೊಟ್ಟಿದ್ದೇನೆ. ಇನ್ನೊಬ್ಬರು 4 ರೂಪಾಯಿಗೆ ಕೊಡ್ತೀವಿ ಅಂದರು. ಅದನ್ನೇ ಇವರಿಗೆ ಮೇಲ್ ಮಾಡಿ, ಕಡಿಮೆ ಮಾಡದಿದ್ದರೆ ಅವರ ಹತ್ತಿರ ಹೋಗುತ್ತೇನೆ ಎಂದು ಬರೆದೆ. ಎರಡು ವಾರ ಆಯಿತು, ಉತ್ತರವೇ ಇಲ್ಲ. ಜಗಳ ಬೇಡ, ದರ ಕಡಿಮೆ ಆಗಬೇಕು. ಹೇಗೆ ಬರೆಯಲಿ?

ಉತ್ತರ: ಅವರು ಯಾಕೆ ಉತ್ತರ ಕೊಡಲಿಲ್ಲ ಅನ್ನುವುದು ನಿಮ್ಮ ಪ್ರಶ್ನೆಯಲ್ಲೇ ಇದೆ. ಸಿಲಿಂಡರ್‌ಗೆ 25,000 ಕೊಟ್ಟಿದ್ದೀರಿ. ಆ ಸಿಲಿಂಡರ್‌ಗಳು ಈಗ ಎಲ್ಲಿವೆ? ಅವರ ಗೋಡೌನ್‌ನಲ್ಲಿ. ನೀವು ಬೇರೆಯವರ ಹತ್ತಿರ ಹೋದರೆ 20 ಪೈಸೆ ಉಳಿಯುತ್ತದೆ, ಒಂದು ಲಕ್ಷ ಪೌಚ್‌ಗೆ 20,000 ರೂಪಾಯಿ. ಆದರೆ ಹೊಸ ಸಿಲಿಂಡರ್‌ಗೆ ಮತ್ತೆ 25,000 ಹಾಕಬೇಕು. ಹಳೆಯದನ್ನು ಕೇಳಿ ತಗೊಂಡು ಹೋಗಬಹುದು, ಆದರೆ ಒಂದು ಮೆಷಿನ್‌ಗೆ ಮಾಡಿಸಿದ ಸಿಲಿಂಡರ್ ಇನ್ನೊಂದಕ್ಕೆ ಕೂರುತ್ತದೆ ಎಂದು ಹೇಳಲಾಗದು. ಅಂದರೆ ಮೊದಲ ವರ್ಷ ನಿಮಗೇ ನಷ್ಟ. ಈ ಲೆಕ್ಕ ಪೌಚ್ ಮಾಡುವವರಿಗೆ ಬಾಯಿಪಾಠ. ಹಾಗಾಗಿ ನಿಮ್ಮ ಮೇಲ್ ಓದಿ, 'ಹೋಗಲ್ಲ ಬಿಡು' ಅಂತ ಪಕ್ಕಕ್ಕಿಟ್ಟಿರುತ್ತಾರೆ.

ನಾನು ಹದಿನೆಂಟು ವರ್ಷ ಆಹಾರ ಕಂಪನಿಗಳಲ್ಲಿ ಪರ್ಚೇಸ್ ಕೆಲಸ ಮಾಡಿದವನು. ಈ ತರಹದ ಮೇಲ್ ನಾನೂ ಬರೆದಿದ್ದೇನೆ. ಒಂದೆರಡು ಸಲ ದರವೂ ಇಳಿದಿದೆ. ಆಮೇಲೆ ನನ್ನ ಆರ್ಡರ್ ಎಲ್ಲರ ಆರ್ಡರ್ ಮುಗಿದ ಮೇಲೆ ಮೆಷಿನ್ ಹತ್ತುತ್ತಿತ್ತು. ದೀಪಾವಳಿ ಮುಂಚೆ ಹಾಗಾದರೆ ಉಳಿಸಿದ ದುಡ್ಡು ಯಾವ ಮೂಲೆಗೆ ಸಾಲುತ್ತದೆ ಹೇಳಿ.

ಈಗ ಅವರ ಕಡೆ ನಿಂತು ನೋಡೋಣ. ನಿಮ್ಮ ಪೌಚ್ ಗ್ರಾವ್ಯೂರ್ ಪ್ರಿಂಟಿಂಗ್‌ನಲ್ಲಿ ಆಗುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್. ನಿಮ್ಮ ಆರ್ಡರ್ ಬಂದಾಗಲೆಲ್ಲ ಹಿಂದಿನವರ ಸಿಲಿಂಡರ್ ಇಳಿಸಬೇಕು, ಇಂಕ್ ತೊಳೆಯಬೇಕು, ನಿಮ್ಮದನ್ನು ಏರಿಸಬೇಕು, ಬಣ್ಣ ಹೊಂದಿಸಬೇಕು, ಎಲ್ಲ ಬಣ್ಣವೂ ಒಂದರ ಮೇಲೊಂದು ಸರಿಯಾಗಿ ಕೂರುವವರೆಗೆ ಫಿಲ್ಮ್ ಓಡಿಸಬೇಕು. ಅಷ್ಟರಲ್ಲಿ ಕೆಲವು ನೂರು ಮೀಟರ್ ಫಿಲ್ಮ್ ಕಸವಾಗುತ್ತದೆ, ಮೂರು ನಾಲ್ಕು ಗಂಟೆ ಮೆಷಿನ್ ಸುಮ್ನೆ ಕೂರುತ್ತದೆ. ಈ ಖರ್ಚು ನೀವು 10,000 ಪೌಚ್ ಹೇಳಿದರೂ ಒಂದೇ, 40,000 ಹೇಳಿದರೂ ಒಂದೇ.

ಒಂದು ಸಲದ ಈ ತಯಾರಿಗೆ 5,000 ರೂಪಾಯಿ ಎಂದಿಟ್ಟುಕೊಳ್ಳಿ. ಇದು ಲೆಕ್ಕಕ್ಕೆ ನಾನು ಹಾಕಿಕೊಂಡ ಅಂದಾಜು, ಮೆಷಿನ್ ಮೇಲೆ ಹೆಚ್ಚುಕಡಿಮೆ ಆಗುತ್ತದೆ. 10,000 ಪೌಚ್‌ಗೆ ಹಂಚಿದರೆ ಒಂದಕ್ಕೆ 50 ಪೈಸೆ ಬಿತ್ತು. 20,000ಕ್ಕೆ ಹಂಚಿದರೆ 25 ಪೈಸೆ. ನೀವು ಕೇಳಬಹುದಾದ ದುಡ್ಡು ಇರುವುದು ಇಲ್ಲೇ, ಆ ನಡುವಿನ 25 ಪೈಸೆಯಲ್ಲಿ.

ಬಹಳ ಜನ ಎಡವುವುದೂ ಇಲ್ಲೇ. 'ವರ್ಷಕ್ಕೆ ಒಂದು ಲಕ್ಷ ಪೌಚ್ ಖಂಡಿತ ತಗೊಳ್ತೇವೆ, ರೇಟ್ ಕಡಿಮೆ ಮಾಡಿ' ಎಂದು ಬರೆಯುತ್ತಾರೆ. ದೊಡ್ಡ ಸಂಖ್ಯೆ, ಕೇಳಲು ಚೆಂದ. ಆದರೆ ನೀವು ಈಗಲೂ ಒಂದು ಲಕ್ಷ ತಗೊಳ್ಳುತ್ತಿದ್ದೀರಿ, ಹತ್ತು ಸಲ. ಮುಂದೆಯೂ ಹತ್ತು ಸಲವೇ ತಗೊಂಡರೆ ಅವರು ಹತ್ತು ಸಲವೇ ಸಿಲಿಂಡರ್ ಏರಿಸಬೇಕು. ಅವರಿಗೆ ಒಂದು ಪೈಸೆಯೂ ಉಳಿಯಲಿಲ್ಲ. ನೀವು ಕೊಡುವ ಮಾತು ಅವರ ಕೆಲಸ ಕಡಿಮೆ ಮಾಡಬೇಕು. ಹಾಗಾಗಿ ಮೇಲ್‌ನಲ್ಲಿ ಮೊದಲು ಬರಬೇಕಾದ ಸಂಖ್ಯೆ ವರ್ಷದ್ದಲ್ಲ, ಒಂದು ಪ್ರಿಂಟಿಂಗ್‌ನದ್ದು.

ಎಷ್ಟಕ್ಕೆ ಮಾತು ಕೊಡಬೇಕು? ಕಳೆದ ವರ್ಷದ ಬಿಲ್ಲುಗಳನ್ನು ಹರಡಿಕೊಂಡು ಕೂತುಕೊಳ್ಳಿ. ಒಂದು ಲಕ್ಷ ಹೋಗಿದೆ ಎಂದರೆ 80,000ಕ್ಕೆ ಮಾತು ಕೊಡಿ, 1,20,000ಕ್ಕೆ ಬೇಡ. ನಾಲ್ಕು ಸಲ, ಪ್ರತಿ ಸಲ 20,000. ವ್ಯಾಪಾರ ಹಾಗೇ ನಡೆದರೆ ಐದನೆಯದು ತಾನಾಗಿಯೇ ಬರುತ್ತದೆ. ಒಂದು ದೊಡ್ಡ ಅಂಗಡಿ ಕೈಬಿಟ್ಟರೂ, ಮಳೆಗಾಲ ಜಾಸ್ತಿ ದಿನ ಎಳೆದರೂ ಮುಟ್ಟಬಲ್ಲ ಸಂಖ್ಯೆ ಇದಾಗಿರಬೇಕು.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಒಮ್ಮೆ ದರದ ಆಸೆಗೆ ಒಂದೂವರೆ ಲಕ್ಷ ಪೌಚ್‌ಗೆ ಒಪ್ಪಿ, ಒಟ್ಟಿಗೇ ಪ್ರಿಂಟ್ ಮಾಡಿಸಿಬಿಟ್ಟೆ. ಅರ್ಧ ವರ್ಷಕ್ಕೆ ನಮ್ಮ ಎಫ್‌ಎಸ್‌ಎಸ್‌ಎಐ ನಂಬರ್ ಬದಲಾಯಿತು. ಪೌಚ್ ಮೇಲೆ ಹಳೆಯ ನಂಬರ್. ಉಳಿದ 38,000 ಪೌಚ್‌ಗಳ ಪ್ರಿಂಟೆಡ್ ರೋಲ್ ಅವರ ಗೋಡೌನ್‌ನಲ್ಲಿ ಕೂತಿತು, ದುಡ್ಡು ನಮ್ಮ ಕೈಯಿಂದ ಹೋಯಿತು. ನಿಮ್ಮದು ಈಗ ರಿಜಿಸ್ಟ್ರೇಶನ್ ಆಗಿದ್ದು, ಮುಂದೆ ಲೈಸೆನ್ಸ್‌ಗೆ ಹೋಗುವ ಯೋಚನೆ ಇದ್ದರೆ ಆ 14 ಅಂಕಿಯ ನಂಬರ್ ಬದಲಾಗುತ್ತದೆ. ಆ ಕೆಲಸ ಮುಗಿಸಿ ಆಮೇಲೆ ದೊಡ್ಡ ಆರ್ಡರ್ ಹಾಕಿ. ಎಂಆರ್‌ಪಿಯನ್ನೂ ಸಿಲಿಂಡರ್‌ನಲ್ಲಿ ಸೇರಿಸಬೇಡಿ, ಬ್ಯಾಚ್ ನಂಬರ್ ಮತ್ತು ತಾರೀಖಿನ ಜೊತೆ ನೀವೇ ಒತ್ತಿ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ದರ ಬದಲಾದಾಗ ಎಂಆರ್‌ಪಿ ಅಚ್ಚಾಗಿದ್ದ ಮಾಲಿಗೆ ಹಲವರು ಸ್ಟಿಕ್ಕರ್ ಅಂಟಿಸಿದರು.

ನಿಮ್ಮ ಕಡೆಯ ಖರ್ಚೂ ಒಂದಿದೆ. 10,000 ಬದಲು 20,000 ತಂದಿಟ್ಟರೆ ಸರಾಸರಿ 5,000 ಪೌಚ್ ಹೆಚ್ಚಿಗೆ ಮನೆಯಲ್ಲಿ ಕೂರುತ್ತದೆ, ಸುಮಾರು 20,000 ರೂಪಾಯಿ. ಶೇ 12ರ ಬಡ್ಡಿ ಹಾಕಿದರೆ ವರ್ಷಕ್ಕೆ 2,400. ಅದನ್ನು 80,000 ಪೌಚ್‌ಗೆ ಹಂಚಿದರೆ ಒಂದಕ್ಕೆ 3 ಪೈಸೆ. ಅವರು 5 ಪೈಸೆ ಇಳಿಸುತ್ತೇವೆ ಅಂದರೆ ಒಪ್ಪಬೇಡಿ, ಈಗಿನಂತೆಯೇ ತರಿಸಿಕೊಳ್ಳಿ. 15 ಪೈಸೆ ದಾಟಿದರೆ ಮಾತ್ರ ಈ ತೊಂದರೆ ತಗೊಳ್ಳುವುದರಲ್ಲಿ ಅರ್ಥವಿದೆ.

ಮೇಲ್ ಕಳಿಸುವ ಮೊದಲು ಎರಡು ಕೆಲಸ. ಹಳೆಯ ಬಾಕಿ ಇದ್ದರೆ ಪೂರ್ತಿ ಕೊಟ್ಟುಬಿಡಿ. ಬಾಕಿ ಇಟ್ಟುಕೊಂಡು ಡಿಸ್ಕೌಂಟ್ ಕೇಳುವವರ ಮಾತಿಗೆ ಯಾರೂ ಬೆಲೆ ಕೊಡುವುದಿಲ್ಲ. ಆಮೇಲೆ ಆ ಸೇಲ್ಸ್‌ನವರಿಗೆ ಒಂದು ಫೋನ್ ಮಾಡಿ. 'ಸರ್, ಹಿಂದಿನ ಮೇಲ್ ಸ್ವಲ್ಪ ಗಡಸಾಯ್ತು, ಬಿಟ್ಟುಬಿಡಿ. ಆರ್ಡರ್ ದೊಡ್ಡದು ಮಾಡೋ ಯೋಚನೆ ಇದೆ, ವಿವರ ಕಳಿಸ್ತೀನಿ' ಅಂದರೆ ಸಾಕು. ದರದ ಮಾತು ಫೋನ್‌ನಲ್ಲಿ ಎತ್ತಬೇಡಿ. ಅಲ್ಲಿ ಸಿಗುವ ಉತ್ತರ 'ನೋಡೋಣ ಮೇಡಂ' ಅಷ್ಟೇ. ದರ ಇಳಿಸುವ ಅಧಿಕಾರ ಅವರಿಗಿಲ್ಲ, ಮಾಲೀಕರನ್ನೋ ಪ್ರೊಡಕ್ಷನ್ ನೋಡಿಕೊಳ್ಳುವವರನ್ನೋ ಕೇಳಬೇಕು. ನಿಮ್ಮ ಮೇಲನ್ನು ಹಾಗೇ ಫಾರ್ವರ್ಡ್ ಮಾಡಿದರೆ ಅವರಿಗೂ ಅರ್ಥವಾಗಬೇಕು, ಹಾಗೆ ಬರೆಯಿರಿ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

ವಿಷಯ: 200 ಗ್ರಾಂ ಚಟ್ನಿಪುಡಿ ಪೌಚ್ – ಮುಂದಿನ 12 ತಿಂಗಳ ಆರ್ಡರ್ ಮತ್ತು ದರ

ನಮಸ್ಕಾರ ಸರ್,

ಕಳೆದ 12 ತಿಂಗಳಲ್ಲಿ ನಿಮ್ಮಿಂದ 10 ಸಲವಾಗಿ ಸುಮಾರು ಒಂದು ಲಕ್ಷ ಪೌಚ್ ತಗೊಂಡಿದ್ದೇವೆ. ಇವತ್ತಿಗೆ ಯಾವ ಬಿಲ್ಲೂ ಬಾಕಿ ಇಲ್ಲ.

ಸಣ್ಣ ಸಣ್ಣ ಆರ್ಡರ್‌ಗೆ ಪ್ರತಿ ಸಲ ಸಿಲಿಂಡರ್ ಏರಿಸುವುದು ನಿಮಗೆ ಕಷ್ಟ ಎಂದು ಗೊತ್ತು. ಹಾಗಾಗಿ ಮುಂದಿನ 12 ತಿಂಗಳು ಒಂದು ಸಲಕ್ಕೆ 20,000ದಂತೆ ನಾಲ್ಕು ಸಲ, ಒಟ್ಟು 80,000 ಪೌಚ್ ತಗೊಳ್ಳುತ್ತೇವೆ ಎಂದು ಖಚಿತವಾಗಿ ಹೇಳುತ್ತೇವೆ. ಡಿಸೈನ್, ಅಳತೆ, ಫಿಲ್ಮ್ ಯಾವುದೂ ಬದಲಾಗುವುದಿಲ್ಲ. ಪ್ರತಿ ಆರ್ಡರ್ ಅನ್ನು 30 ದಿನ ಮುಂಚೆ ಕಳಿಸುತ್ತೇವೆ. ನಿಮ್ಮ ಮೆಷಿನ್ ಖಾಲಿ ಇರುವ ದಿನ ನೋಡಿ ಪ್ರಿಂಟ್ ಮಾಡಬಹುದು.

ಈ ಲೆಕ್ಕದಲ್ಲಿ ಒಂದು ಪೌಚ್‌ಗೆ 3.95 ರೂಪಾಯಿ ಸಾಧ್ಯವೇ? ಒಂದೇ ಸಲಕ್ಕೆ 30,000 ಆದರೆ ಎಷ್ಟಾಗುತ್ತದೆ ಎಂದೂ ತಿಳಿಸಿ. ಹಣ ಈಗಿನಂತೆ 30 ದಿನದಲ್ಲಿ.

ಪ್ರಿಂಟ್ ಆದ ಮಾಲು ಪೂರ್ತಿ ನಮ್ಮದು. ಏನೇ ಆದರೂ 90 ದಿನದೊಳಗೆ ಎತ್ತಿಕೊಂಡು ಹಣ ಕೊಡುತ್ತೇವೆ. ವರ್ಷದ ಕೊನೆಗೆ 80,000 ಮುಟ್ಟದಿದ್ದರೆ, ತಗೊಂಡ ಪೌಚ್‌ಗೆ ಹಳೆಯ ದರದ ವ್ಯತ್ಯಾಸ ಕೊಡುತ್ತೇವೆ.

ಫಿಲ್ಮ್ ದರ ಏರಿಳಿಯುವುದು ಸಹಜ. ಅದಕ್ಕೆ ಹೇಗೆ ಲೆಕ್ಕ ಹಾಕೋಣ ಎಂದು ನೀವೇ ಹೇಳಿ. ಮುಂದಿನ ಆರ್ಡರ್ ಬರುವ ತಿಂಗಳು ಕಳಿಸಬೇಕು. ಈ ಶುಕ್ರವಾರದೊಳಗೆ ತಿಳಿಸಿದರೆ ಅನುಕೂಲ.

ಇಷ್ಟೇ. ಇನ್ನೊಬ್ಬರ 4 ರೂಪಾಯಿಯ ಸುದ್ದಿ ಎಲ್ಲೂ ಇಲ್ಲ, ನೋಡಿ. ಅವರಿಗೆ ಅದು ಈಗಾಗಲೇ ಗೊತ್ತು, ಎರಡನೇ ಸಲ ಹೇಳಿದರೆ ಮತ್ತೆ ಅದೇ ಜಗಳಕ್ಕೆ ಎಳೆದಂತೆ.

ಈ ಮೇಲ್‌ನ ಜೀವ ಇರುವುದು 'ಪ್ರಿಂಟ್ ಆದ ಮಾಲು ಪೂರ್ತಿ ನಮ್ಮದು' ಎಂಬ ಕಡೆ. ಪೌಚ್ ಮೇಲೆ ನಿಮ್ಮ ಹೆಸರು ಅಚ್ಚಾಗಿರುತ್ತದೆ. ನೀವು ಬೇಡ ಅಂದರೆ ಅದನ್ನು ಬೇರೆ ಯಾರಿಗೂ ಮಾರಲಾಗದು. ಸಣ್ಣ ಗಿರಾಕಿಗಳಿಗೆ ದೊಡ್ಡ ಪ್ರಿಂಟಿಂಗ್ ಮಾಡಲು ಅವರು ಹಿಂದೇಟು ಹಾಕುವುದು ಇದೇ ಭಯಕ್ಕೆ. ಆ ಭಯ ನೀವಾಗಿಯೇ ತೆಗೆದರೆ ಮಾತು ಬೇರೆಯೇ ಆಗುತ್ತದೆ. ಪ್ರಿಂಟ್ ಆಗದ ಮಾಲಿಗೆ ಮಾತ್ರ ಇಡೀ ಹಣದ ಹೊಣೆ ಹೊರಬೇಡಿ, ದರದ ವ್ಯತ್ಯಾಸ ಸಾಕು. 3.95ಕ್ಕೆ 60,000 ತಗೊಂಡು ನಿಂತುಬಿಟ್ಟಿರಿ ಎಂದುಕೊಳ್ಳಿ. 25 ಪೈಸೆಯಂತೆ 15,000 ವಾಪಸ್ ಕೊಡಬೇಕು. ಕೊಟ್ಟರೆ ನೀವು ಮೊದಲಿದ್ದ ಜಾಗಕ್ಕೆ ಬರುತ್ತೀರಿ ಅಷ್ಟೇ, ಮುಳುಗುವುದಿಲ್ಲ.

ಫಿಲ್ಮ್ ದರದ ಬಗ್ಗೆ ಸ್ವಲ್ಪ ಎಚ್ಚರ ಬೇಕು. ಪೌಚ್‌ನ ಪದರಗಳೆಲ್ಲ ಪ್ಲಾಸ್ಟಿಕ್, ಕಚ್ಚಾ ತೈಲದ ಜೊತೆ ಅದರ ಬೆಲೆಯೂ ಏರಿಳಿಯುತ್ತದೆ. 'ವರ್ಷಪೂರ್ತಿ 3.95' ಎಂದು ಹಟ ಹಿಡಿದರೆ ಎರಡರಲ್ಲಿ ಒಂದಾಗುತ್ತದೆ. ಮುಂಜಾಗ್ರತೆಗೆ ದರ ಏರಿಸಿಯೇ ಹೇಳುತ್ತಾರೆ, ಇಲ್ಲವೇ ಫಿಲ್ಮ್ ದುಬಾರಿ ಆದಾಗ ದಪ್ಪ ಕಡಿಮೆ ಮಾಡುತ್ತಾರೆ. ಅದರ ಬದಲು ದರವನ್ನು ಎರಡು ಭಾಗ ಮಾಡಿ ಕೊಡಿ ಎಂದು ಕೇಳಿ: ಫಿಲ್ಮ್‌ಗೆ ಇಷ್ಟು, ಪ್ರಿಂಟ್ ಮಾಡಿ ಪೌಚ್ ಮಾಡುವ ಕೂಲಿ ಇಷ್ಟು. ಕೂಲಿ ವರ್ಷಕ್ಕೆ ಗಟ್ಟಿ, ಫಿಲ್ಮ್ ಪ್ರತಿ ಆರ್ಡರ್‌ಗೆ ಆ ದಿನದ ದರ. ನಿಮ್ಮ ದೊಡ್ಡ ಆರ್ಡರ್‌ನಿಂದ ಇಳಿಯುವುದು ಮುಖ್ಯವಾಗಿ ಕೂಲಿಯ ಭಾಗವೇ. ಎಲ್ಲರೂ ಹೀಗೆ ಬಿಡಿಸಿ ಕೊಡುವುದಿಲ್ಲ. ಕೊಡದಿದ್ದರೆ ಮೂರು ತಿಂಗಳಿಗೊಮ್ಮೆ ದರ ಮಾತಾಡೋಣ ಎಂದು ಬರೆದುಕೊಳ್ಳಿ.

ಈಗ ಅವರ ಉತ್ತರಕ್ಕೆ ಬರೋಣ. 3.95ಕ್ಕೆ ನೇರವಾಗಿ ಹೂಂ ಅನ್ನುವುದಿಲ್ಲ, ಉಳಿತಾಯವೆಲ್ಲ ನಿಮಗೇ ಯಾಕೆ ಕೊಟ್ಟಾರು? 'ಮೇಡಂ, 4.10 ಮಾಡಬಹುದು, ಆದರೆ ಮಾಲು ಕಳಿಸುವಾಗಲೇ ಹಣ ಬೇಕು' ಅಂತ ಬರಬಹುದು. ಇಲ್ಲಿ ಇನ್ನೊಂದು ಸಣ್ಣ ಲೆಕ್ಕ. 20,000 ಪೌಚ್ ಅಂದರೆ ಸುಮಾರು 80,000 ರೂಪಾಯಿ. ಅದನ್ನು 30 ದಿನ ಮುಂಚೆ ಕೊಟ್ಟರೆ ಶೇ 12ರಲ್ಲಿ ಬಡ್ಡಿ 800 ರೂಪಾಯಿ ಹತ್ತಿರ, ಪೌಚ್‌ಗೆ 4 ಪೈಸೆ. ಅಂದರೆ ಅವರು 10 ಪೈಸೆ ಇಳಿಸಿ 4 ಪೈಸೆ ವಾಪಸ್ ತಗೊಂಡಂತೆ.

ಆಗ 'ಇನ್ನೂ ಇಳಿಸಿ' ಎಂದು ಬರೆಯಬೇಡಿ. ಎರಡು ದಾರಿ ಮುಂದಿಡಿ. 'ಹಣ 30 ದಿನಕ್ಕೆ ಆದರೆ 4.04, ಮಾಲು ಕಳಿಸುವಾಗಲೇ ಪೂರ್ತಿ ಹಣ ಕೊಟ್ಟರೆ 4.00. ನಿಮಗೆ ಯಾವುದು ಅನುಕೂಲವೋ ಹೇಳಿ.' ನಿಮಗೆ ಎರಡೂ ಒಂದೇ. ಅವರಿಗೆ ಒಂದೇ ಆಗಿರಲಿಕ್ಕಿಲ್ಲ. ಕೈಯಲ್ಲಿ ಹಣ ಓಡಾಡದೆ ಒದ್ದಾಡುತ್ತಿರುವವರು ಎರಡನೆಯದನ್ನು ಸಂತೋಷದಿಂದ ಹಿಡಿಯುತ್ತಾರೆ. ನನ್ನ ಅಂದಾಜು, ನಿಮ್ಮ ಮಾತು 4 ರೂಪಾಯಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದಕ್ಕಿಂತ ಕೆಳಗೆ ಎಳೆಯಲು ನಿಮ್ಮ ಹತ್ತಿರ ಕೊಡುವಂಥದ್ದು ಉಳಿದಿಲ್ಲ. ಒಂದೇ ಸಲಕ್ಕೆ 30,000 ಹೇಳಿದರೆ ಇನ್ನೊಂದಿಷ್ಟು ಪೈಸೆ ಸಿಗಬಹುದು, ಆದರೆ ಸಿರ್ಸಿಯ ಮಳೆಗಾಲದ ಥಂಡಿಯಲ್ಲಿ ಅಷ್ಟು ಪೌಚ್ ಎಲ್ಲಿಡುತ್ತೀರಿ ಎಂಬುದನ್ನೂ ನೋಡಿಕೊಳ್ಳಿ. ಜಾಗವಿಲ್ಲದಿದ್ದರೆ, ಪ್ರಿಂಟ್ ಒಂದೇ ಸಲ ಮಾಡಿ ರೋಲ್ ಆಗಿ ಅವರಲ್ಲೇ ಇಟ್ಟು, ಪೌಚ್ ಮಾತ್ರ ಎರಡು ಕಂತಿನಲ್ಲಿ ಮಾಡಿ ಕಳಿಸಿ ಎಂದು ಕೇಳಬಹುದು. ಜಾಗ, ಹಣ ಎರಡೂ ಅವರದ್ದು ಕಟ್ಟಿಹೋಗುತ್ತದೆ, ಹಾಗಾಗಿ ಒಂದೆರಡು ಪೈಸೆ ಬಿಟ್ಟುಕೊಡಬೇಕಾದೀತು.

ಒಪ್ಪಿಗೆ ಆದ ಮೇಲೆ ಎಲ್ಲವನ್ನೂ ಒಂದೇ ಮೇಲ್‌ನಲ್ಲಿ ನೀವೇ ಬರೆದು ಕಳಿಸಿ, 'ಸರಿಯಿದೆ' ಎಂದು ಅವರಿಂದ ಉತ್ತರ ತರಿಸಿಕೊಳ್ಳಿ. ಹಣ ಎಷ್ಟು ದಿನಕ್ಕೆ ಎನ್ನುವುದು ಅದರಲ್ಲಿ ಇರಲೇಬೇಕು. ಅವರು ಉದ್ಯಮ್‌ನಲ್ಲಿ ನೋಂದಾಯಿಸಿದ ಸಣ್ಣ ತಯಾರಕರಾಗಿದ್ದರೆ 2006ರ ಎಂಎಸ್‌ಎಂಇ ಕಾಯ್ದೆಯಂತೆ, ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು, ಇದ್ದರೂ 45 ದಿನ ದಾಟುವಂತಿಲ್ಲ. ಇನ್ನೊಂದು ಮಾತು ಸೇರಿಸಿ: ಪ್ರಿಂಟೆಡ್ ಪೌಚ್‌ನಲ್ಲಿ ಹೇಳಿದ್ದಕ್ಕಿಂತ ಶೇ 10 ಹೆಚ್ಚುಕಡಿಮೆ ಬರುವುದು ಈ ವ್ಯಾಪಾರದಲ್ಲಿ ಮಾಮೂಲು. 20,000 ಹೇಳಿದರೆ 18,500 ಬರಬಹುದು. ವರ್ಷದ ಕೊನೆಗೆ ಅದು ನಿಮ್ಮ ಕಡೆಯ ಕೊರತೆ ಅನ್ನಿಸಿಕೊಳ್ಳಬಾರದು. 'ನಾಲ್ಕು ಆರ್ಡರ್ ಹಾಕಿದರೆ ಮಾತು ಪೂರ್ತಿಯಾದಂತೆ' ಎಂದು ಬರೆಸಿಕೊಳ್ಳಿ.

ಕೊನೆಗೆ ಫಿಲ್ಮ್‌ನ ದಪ್ಪ, ಇದನ್ನು ಬಹಳ ಜನ ಮರೆಯುತ್ತಾರೆ. ನಿಮ್ಮ ತರಹದ ಪೌಚ್ ಸಾಮಾನ್ಯವಾಗಿ ಮೂರು ಪದರ: ಹೊರಗೆ 12 ಮೈಕ್ರಾನ್ ಪಾಲಿಯೆಸ್ಟರ್, ನಡುವೆ 12 ಮೈಕ್ರಾನ್ ಬೆಳ್ಳಿ ಬಣ್ಣದ ಮೆಟಲೈಸ್ಡ್ ಪಾಲಿಯೆಸ್ಟರ್, ಒಳಗೆ ಎಲ್‌ಡಿ, ಅಂದರೆ ಬಿಸಿಗೆ ಸೀಲ್ ಆಗುವ ಪಾಲಿಥೀನ್. ಒಳಗಿನ ಎಲ್‌ಡಿ 75 ಮೈಕ್ರಾನ್ ಇದ್ದದ್ದು 60 ಆದರೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಚಟ್ನಿಪುಡಿಯಲ್ಲಿ ಎಣ್ಣೆ ಇದೆ, ಒಣಮೆಣಸಿನ ಚೂರು ಇದೆ. ಸೀಲ್ ಬಿಡಲು ಶುರುವಾದರೆ ಅಂಗಡಿಯವರು ಮಾಲು ವಾಪಸ್ ಕಳಿಸಿದ ಮೇಲೆಯೇ ನಿಮಗೆ ಗೊತ್ತಾಗುವುದು.

ಹಿಡಿಯುವ ಉಪಾಯ ಸುಲಭ. ಈಗಿರುವ ಹಳೆಯ ಪೌಚ್ 100 ಎಣಿಸಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಬರೆದಿಟ್ಟುಕೊಳ್ಳಿ. 14 ಸೆಂ.ಮೀ. ಅಗಲ, 21 ಸೆಂ.ಮೀ. ಎತ್ತರ, ತಳದಲ್ಲಿ ಮಡಿಕೆ ಇರುವ, ಜಿಪ್ ಇಲ್ಲದ ಪೌಚ್ ಆದರೆ 100ಕ್ಕೆ ಸುಮಾರು 740 ಗ್ರಾಂ ಬರುತ್ತದೆ. ಎಲ್‌ಡಿ 60ಕ್ಕೆ ಇಳಿದರೆ ಅದೇ 645ರ ಹತ್ತಿರ. ಒಪ್ಪಿಗೆಯ ಮೇಲ್‌ನಲ್ಲಿ ಮೂರೂ ಪದರದ ಮೈಕ್ರಾನ್ ಬರೆಸಿ, ಜೊತೆಗೆ ನೀವು ತೂಗಿ ಬರೆದಿಟ್ಟ ತೂಕವನ್ನೂ ಹಾಕಿ, '100 ಪೌಚ್‌ನ ಈ ತೂಕ ಶೇ 5ಕ್ಕಿಂತ ಹೆಚ್ಚು ಇಳಿಯಬಾರದು' ಎಂದು ಸೇರಿಸಿ. ಸರಿಯಾದ ಮಾಲು ಕೊಡುವವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಅಂದಹಾಗೆ, ಆ 4 ರೂಪಾಯಿಯವರ ಸ್ಯಾಂಪಲ್ ನಿಮ್ಮ ಹತ್ತಿರ ಇನ್ನೂ ಇದ್ದರೆ ಅದನ್ನೂ ಒಮ್ಮೆ ತಕ್ಕಡಿಗೆ ಹಾಕಿ. ಒಂದೆರಡೇ ಇದ್ದರೆ ಅಕ್ಕಸಾಲಿಗರ ಅಂಗಡಿಯಲ್ಲಿ ತೂಗಿಸಿ, ಅವರ ತಕ್ಕಡಿಗೆ ಒಂದು ಗ್ರಾಂಗಿಂತ ಕಡಿಮೆ ವ್ಯತ್ಯಾಸವೂ ಗೊತ್ತಾಗುತ್ತದೆ.